ಹೊಲಿಗೆ ಮಷೀನಿನ ಪಕ್ಕದ ಫಲಕವನ್ನು ದಯವಿಟ್ಟು ಬದಲಿಸಿ: ವಸ್ತುಸಂಗ್ರಹಾಲಯದವರಿಗೆ ಒಬ್ಬ ಟೈಲರ್‌ನ ಬಹಿರಂಗ ಪತ್ರ

ಹಳೆಯ ಹೊಲಿಗೆ ಮಷೀನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸುತ್ತಿರುವ ವಸ್ತುಸಂಗ್ರಹಾಲಯಗಳ ಮುಖ್ಯಸ್ಥರಿಗೆ ಮತ್ತು ಅವುಗಳ ಪಕ್ಕದ ಫಲಕಗಳನ್ನು ಬರೆಯುವವರಿಗೆ,

ಮಾನ್ಯರೇ,

ನಾನು ಮೂವತ್ತೊಂದು ವರ್ಷದಿಂದ ಟೈಲರ್. ನಮ್ಮಪ್ಪನೂ ಟೈಲರ್. ಕೆಲವು ತಿಂಗಳ ಹಿಂದೆ ಮಗಳನ್ನು ಕರೆದುಕೊಂಡು ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಅಲ್ಲಿ ಕಪ್ಪು ಬಣ್ಣದ, ಹೂಬಳ್ಳಿ ಚಿತ್ರವಿರುವ ಒಂದು ಹಳೆಯ ಕಾಲುಮಷೀನು ಇತ್ತು. ಎಣ್ಣೆ ಹಾಕಿ ಒರೆಸಿ ಚೆನ್ನಾಗಿ ಇಟ್ಟಿದ್ದರು. ನೋಡಿ ನನಗೆ ನಿಜಕ್ಕೂ ಖುಷಿಯಾಯಿತು. ಪಕ್ಕದ ಫಲಕವನ್ನು ಮಗಳು ಜೋರಾಗಿ ಓದಿದಳು. ಕೈಯಲ್ಲಿ 14 ಗಂಟೆ ಹಿಡಿಯುತ್ತಿದ್ದ ಷರ್ಟು ಮಷೀನಿನಲ್ಲಿ ಒಂದು ಗಂಟೆ ಚಿಲ್ಲರೆಗೆ ಮುಗಿಯುವಂತಾಯಿತು, ಹೀಗೆ ಈ ಯಂತ್ರ ದರ್ಜಿಗಳನ್ನು ದುಡಿಮೆಯಿಂದ ಬಿಡುಗಡೆ ಮಾಡಿತು ಅಂತ ಅದರಲ್ಲಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಅಜ್ಞಾನದಿಂದ ಪ್ಯಾರಿಸ್ಸಿನ ದರ್ಜಿಗಳು ಮೊದಲ ಯಂತ್ರಗಳನ್ನು ಒಡೆದುಹಾಕಿದರು.

ಮಗಳು ನನ್ನ ಕಡೆ ತಿರುಗಿ, "ಹಾಗಾದ್ರೆ ಅಪ್ಪಾ, ನೀನ್ಯಾಕೆ ರಾತ್ರಿ ಹನ್ನೊಂದರವರೆಗೂ ಹೊಲೀತಾ ಕೂತಿರ್ತೀಯ?" ಅಂದಳು.

ಅವಳಿಗೆ ಅಲ್ಲೇ ನಿಂತು ಸರಿಯಾದ ಉತ್ತರ ಕೊಡಲು ನನಗೆ ಆಗಲಿಲ್ಲ. ಆಮೇಲೆ ತುಂಬಾ ಯೋಚಿಸಿದೆ. ಈ ಮಷೀನಿನ ಚರಿತ್ರೆಯನ್ನು ನಾನು ಮೊದಲಿನಿಂದಲೂ ಆಸೆಯಿಂದ ಓದಿಕೊಂಡು ಬಂದವನು. ನಿಮ್ಮ ಫಲಕದಲ್ಲಿರುವ ಅಂಕಿ ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಆ ಅರ್ಧ ಮಾತಿನಿಂದ ನನ್ನ ಮಗಳಂಥ ಮಕ್ಕಳು ತಪ್ಪು ತಿಳಿದುಕೊಂಡು ಮನೆಗೆ ಹೋಗುತ್ತಾರೆ. ಅದಕ್ಕೇ ಈ ಪತ್ರ.

ಮೊದಲು ಆ ಷರ್ಟಿನ ಲೆಕ್ಕವನ್ನೇ ನೋಡೋಣ. ಆ ಅಂಕಿ ಬಂದದ್ದು 1861ರ ಹೊತ್ತಿಗೆ ಅಮೆರಿಕದ ವೀಲರ್ ಅಂಡ್ ವಿಲ್ಸನ್ ಕಂಪನಿ ಪ್ರಚಾರ ಮಾಡಿದ ಒಂದು ಪಟ್ಟಿಯಿಂದ. ಗಂಡಸರ ಷರ್ಟಿಗೆ ಕೈಯಲ್ಲಿ 14 ಗಂಟೆ 26 ನಿಮಿಷ, ಮಷೀನಿನಲ್ಲಿ 1 ಗಂಟೆ 16 ನಿಮಿಷ. ಉದ್ದ ಕೋಟಿಗೆ ಕೈಯಲ್ಲಿ 16 ಗಂಟೆ 35 ನಿಮಿಷ, ಮಷೀನಿನಲ್ಲಿ 2 ಗಂಟೆ 38 ನಿಮಿಷ. ಈ ಪಟ್ಟಿ ಮಾಡಿದವರು ಮಷೀನು ಮಾರುವವರೇ. ಫಲಕದಲ್ಲಿ ಆ ಮಾತು ಇರಲಿಲ್ಲ. ಇರಲಿ, ಅಂಕಿಯನ್ನು ಪೂರ್ತಿ ಒಪ್ಪಿಕೊಂಡೇ ಮುಂದೆ ಹೋಗೋಣ.

ದಿನಕ್ಕೆ 12 ಗಂಟೆಯಂತೆ ವಾರಕ್ಕೆ ಆರು ದಿನ ದುಡಿಯುವ ಒಬ್ಬ ಹೆಂಗಸು ಅಂತ ಇಟ್ಟುಕೊಳ್ಳಿ. ಒಟ್ಟು 72 ಗಂಟೆ. ಕೈಯಲ್ಲಿ ಹೊಲಿದರೆ ವಾರಕ್ಕೆ ಐದು ಷರ್ಟು. ಮಷೀನಿನಲ್ಲಿ ಹೊಲಿದರೆ 56. ಒಂದು ಷರ್ಟಿಗೆ ಮೊದಲು ಕೊಡುತ್ತಿದ್ದ ಕೂಲಿಯನ್ನೇ ಕೊಟ್ಟಿದ್ದರೆ ಅವಳ ವಾರದ ಗಳಿಕೆ ಹನ್ನೊಂದು ಪಟ್ಟು ಆಗಬೇಕಿತ್ತು. ಆಗಲಿಲ್ಲ. ಕೂಲಿ ಕೊಡುತ್ತಿದ್ದದ್ದು ಗಂಟೆಗಲ್ಲ, ಪೀಸಿಗೆ. ಪೀಸು ಬೇಗ ಮುಗಿಯುತ್ತದೆ ಅಂತ ಗೊತ್ತಾದ ಕೂಡಲೇ ಪೀಸಿನ ರೇಟು ಇಳಿಯಿತು. ಮಷೀನು ಇಲ್ಲದೆ ಕೈಯಲ್ಲೇ ಹೊಲಿಯುವವಳಿಗೂ ಅದೇ ಇಳಿದ ರೇಟು. ಅವಳು ಎಷ್ಟು ಹೊತ್ತು ಕೂತರೂ ಗಿಟ್ಟುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಕಾಜಾ ವಿಷಯ ನೋಡಿ. ಗುಂಡಿ ತೂರಿಸುವ ಆ ಸಣ್ಣ ಸೀಳನ್ನು ಸುತ್ತ ಗಂಟು ಹಾಕುತ್ತಾ ಕೈಯಲ್ಲೇ ಹೊಲಿಯಬೇಕಿತ್ತು. ಕಾಜಾ ಹಾಕುವ ಒಳ್ಳೆಯ ಮಷೀನುಗಳು ಕಾರ್ಖಾನೆಗಳಲ್ಲಿ ನೆಲೆಯೂರಿದ್ದು 1880ರ ದಶಕದಿಂದೀಚೆಗೆ. ನಾನು ಕೈಕಾಜಾ ಹಾಕಿದರೆ ಒಂದಕ್ಕೆ ಆರು ನಿಮಿಷವಾದರೂ ಬೇಕು. ಆ ಕಾಲದ ಷರ್ಟಿಗೆ ಬರೀ ನಾಲ್ಕು ಕಾಜಾ ಅಂತ ಹಿಡಿಯೋಣ. ವಾರಕ್ಕೆ ಐದು ಷರ್ಟು ಆಗುತ್ತಿದ್ದಾಗ ಕಾಜಾಕ್ಕೆ ಹೋಗುತ್ತಿದ್ದದ್ದು ಎರಡು ಗಂಟೆ. 56 ಷರ್ಟು ಆದಾಗ ಕಾಜಾ ಕೆಲಸವೊಂದೇ 22 ಗಂಟೆ ದಾಟುತ್ತದೆ. ಗುಂಡಿ ಹಚ್ಚುವುದು, ದಾರದ ತುದಿ ಕತ್ತರಿಸುವುದು, ಇಸ್ತ್ರಿ, ಮಡಿಕೆ ಇವೆಲ್ಲ ಬೇರೆ. ಅಂದರೆ ಮಷೀನು ಉಳಿಸಿದ ಕೆಲಸದ ಜೊತೆಗೇ ಮಷೀನು ಮುಟ್ಟದ ಕೆಲಸವೂ ರಾಶಿ ಬಿತ್ತು. ಆ ರಾಶಿ ಹೋದದ್ದು ಊರಿನ ಸಣ್ಣ ಸಣ್ಣ ಕೋಣೆಗಳಿಗೆ. ದೀಪದ ಬೆಳಕಿನಲ್ಲಿ ಹೆಂಗಸರೂ ಮಕ್ಕಳೂ ಕೂತು ಅದನ್ನು ಮುಗಿಸಿದರು. ನಿಮ್ಮ ಫಲಕದಲ್ಲಿ ಆ ಕೋಣೆಗಳ ಸುದ್ದಿ ಎಲ್ಲೂ ಇಲ್ಲ.

ಮಷೀನು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೈಸೂಜಿಗೆ ಕಣ್ಣು ಹಿಂಬದಿಯಲ್ಲಿರುತ್ತದೆ. ಮಷೀನಿನ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಸೂಜಿ ಬಟ್ಟೆ ದಾಟಿ ಕೆಳಗಿಳಿದು ಮತ್ತೆ ಮೇಲೇಳಲು ಶುರುಮಾಡಿದ ಕ್ಷಣ ಕೆಳಗೆ ದಾರ ಸಡಿಲವಾಗಿ ಒಂದು ಪುಟ್ಟ ಕುಣಿಕೆ ಆಗುತ್ತದೆ. ಕೆಳಗಿನ ದಾರ ಸುತ್ತಿದ ಪುಟ್ಟ ಉರುಳೆಯೇ ಬಾಬಿನ್; ಅದನ್ನು ಹೊತ್ತ ಶಟಲ್ ಆ ಕುಣಿಕೆಯೊಳಗೆ ತೂರಿ, ಬಾಬಿನ್ ದಾರವನ್ನು ದಾಟಿಸುತ್ತದೆ. ಮೇಲಿನ ದಾರ ಎಳೆದುಕೊಂಡಾಗ ಎರಡೂ ದಾರ ಬಟ್ಟೆಯ ನಡುವೆ ಹೆಣೆದುಕೊಂಡು ಕೂರುತ್ತವೆ. ಮೇಲೆ ಕೆಂಪು, ಬಾಬಿನ್‌ಗೆ ಬಿಳಿ ದಾರ ಹಾಕಿ ಒಂದು ತುಂಡು ಬಟ್ಟೆ ಹೊಲಿದು ನೋಡಿ. ಹದ ಸರಿಯಿದ್ದರೆ ಮೇಲೆ ಬರೀ ಕೆಂಪು, ಕೆಳಗೆ ಬರೀ ಬಿಳಿ. ಮೇಲೆ ಬಿಳಿ ಚುಕ್ಕಿ ಇಣುಕಿದರೆ ಮೇಲಿನ ದಾರ ಬಿಗಿ ಜಾಸ್ತಿ. ಕೆಳಗೆ ಕೆಂಪು ಇಣುಕಿದರೆ ಸಡಿಲ. ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ ಇದೇ.

ಈ ಕೆಲಸವನ್ನು ಮಷೀನು ಕೈಗಿಂತ ಎಷ್ಟೋ ಚೆನ್ನಾಗಿ, ಬೇಗ ಮಾಡುತ್ತದೆ. 1845ರಲ್ಲಿ ಬಾಸ್ಟನ್ನಿನಲ್ಲಿ ಎಲಿಯಾಸ್ ಹೋವ್ ತನ್ನ ಮಷೀನನ್ನು ಐದು ಜನ ಹೊಲಿಗೆ ಹೆಂಗಸರ ಎದುರು ಪಂದ್ಯಕ್ಕಿಟ್ಟು ಗೆದ್ದ. ನಿಮಿಷಕ್ಕೆ ಸುಮಾರು 250 ಹೊಲಿಗೆ. ಆದರೆ ಆ ಮಷೀನಿಗೆ ಕೈಯಿಲ್ಲ ನೋಡಿ. ಎರಡು ಅಂಚು ಸೇರಿಸಿ ಹಿಡಿಯುವುದು, ತೋಳನ್ನು ಹೆಗಲ ಸುತ್ತಿಗೆ ಕೂರಿಸುವುದು, ತಿರುಗಿಸುವುದು, ನಿಲ್ಲಿಸಿ ಮತ್ತೆ ಹೊಂದಿಸುವುದು ಎಲ್ಲ ಮನುಷ್ಯನದ್ದೇ. ನಾನು ಒಂದು ಗಂಟೆ ಮಷೀನಿನ ಮುಂದೆ ಕೂತರೆ ಸೂಜಿ ಓಡುವುದು ಹದಿನೈದು ನಿಮಿಷ. ಉಳಿದದ್ದು ಕೈಕೆಲಸ. ಇವತ್ತಿನ ಕರೆಂಟು ಮಷೀನಿನಲ್ಲೂ ಅಷ್ಟೇ.

ಮಾಲೀಕನ ಕಣ್ಣಿಗೆ ಆ ಉಳಿದ ನಲವತ್ತೈದು ನಿಮಿಷ ಮಷೀನು ಸುಮ್ನೆ ನಿಂತ ಹೊತ್ತು. ಅದನ್ನು ತುಂಬಿಸಲು ಅವನು ಹುಡುಕಿದ ದಾರಿಯಿಂದಲೇ ದರ್ಜಿಯ ಕಸುಬು ಬೇರೆಯಾಯಿತು ಅಂತ ನಾನು ತಿಳಿದಿದ್ದೇನೆ. ಮಷೀನಿನ ಮುಂದೆ ಒಬ್ಬನನ್ನು ಕೂರಿಸಿ, ಅವನು ಬರೀ ಹೊಲಿಯುತ್ತಲೇ ಇರುವಂತೆ ಸುತ್ತ ಬೇರೆಯವರನ್ನು ಕೂರಿಸಿದರು. ಒಬ್ಬ ಕಚ್ಚಾ ಹೊಲಿಗೆ ಹಾಕಿ ತುಂಡುಗಳನ್ನು ಜೋಡಿಸಿ ಕೊಡುವವನು. ಒಬ್ಬಳು ಒಳಪಟ್ಟಿ ಮಡಿಚಿ ಕೈಹೊಲಿಗೆ ಹಾಕುವವಳು. ಇನ್ನೊಬ್ಬ ಇಸ್ತ್ರಿಯವನು. ಮೊದಲು ಒಬ್ಬ ದರ್ಜಿ ಅಳತೆ ತೆಗೆಯುವುದರಿಂದ ಹಿಡಿದು ಕೊನೆಯ ಗುಂಡಿಯವರೆಗೆ ಎಲ್ಲ ಬಲ್ಲವನಾಗಿದ್ದ. ಅದಕ್ಕೆ ಅವನು ಎಷ್ಟೋ ವರ್ಷ ಗುರುವಿನ ಹತ್ತಿರ ಕೂತು ಕಲಿತಿರುತ್ತಿದ್ದ. ಈಗ ಒಂದೇ ಒಂದು ಕೆಲಸ ಬಂದರೆ ಸಾಕು, ಅದನ್ನು ಕೆಲವೇ ವಾರದಲ್ಲಿ ಕಲಿಯಬಹುದು. ಬೇಗ ಕಲಿಯಬಹುದಾದ ಕೆಲಸದವನನ್ನು ಬೇಗ ಬದಲಿಸಲೂ ಬಹುದು.

ಸಿದ್ಧ ಉಡುಪಿನ ಕಥೆಯೂ ಇದೇ ದಾರಿಯಲ್ಲಿ ನಡೆಯಿತು. ರೆಡಿಮೇಡ್ ಬಟ್ಟೆಯನ್ನು ಮಷೀನೇ ಹುಟ್ಟಿಸಿತು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಸರಿಯಲ್ಲ. ನಾವಿಕರಿಗೆ, ಸೈನಿಕರಿಗೆ, ಕೂಲಿಯವರಿಗೆ ಮೊದಲೇ ಹೊಲಿದಿಟ್ಟ ಬಟ್ಟೆ ಮಷೀನಿಗಿಂತ ಮುಂಚೆಯೇ ಸಿಗುತ್ತಿತ್ತು. ಎಲ್ಲವೂ ಕೈಹೊಲಿಗೆ, ದೊಗಳೆ ಬಟ್ಟೆ. ಮಷೀನು ಬಂದ ಮೇಲೆ ಆದದ್ದೇನು ಅಂದರೆ ಹೊಲಿಗೆ ಮುಂದೆ ಓಡಿತು, ಕತ್ತರಿ ಹಿಂದೆ ಬಿತ್ತು. ಒಬ್ಬ ಕಟರ್ ಕೈಕತ್ತರಿಯಲ್ಲಿ ಕತ್ತರಿಸಿಕೊಡುವುದು ಮಷೀನುಗಳ ಸಾಲಿಗೆ ಸಾಲುತ್ತಿರಲಿಲ್ಲ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜಾನ್ ಬ್ಯಾರನ್ ಅನ್ನುವ ಬಟ್ಟೆ ತಯಾರಕ 1858ರ ಸುಮಾರಿಗೆ ಮರ ಕೊಯ್ಯುವ ಪಟ್ಟಿ ಗರಗಸವನ್ನು ನೋಡಿ, ಅದೇ ರೀತಿಯ ಪಟ್ಟಿ ಚಾಕುವನ್ನು ಬಟ್ಟೆಗೆ ತಂದ. ಹಲವು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಗೀಟು ಎಳೆದು, ಒಟ್ಟಿಗೇ ಕತ್ತರಿಸುವುದು.

ಇಲ್ಲಿ ಸ್ವಲ್ಪ ನಿಲ್ಲಬೇಕು ಅಂತ ನನಗೆ ಅನಿಸುತ್ತದೆ. ಒಟ್ಟಿಗೆ ಕತ್ತರಿಸಿದ ಪದರಗಳೆಲ್ಲ ಒಂದೇ ಅಳತೆಯವು. ಹಾಗಾದರೆ ಮನುಷ್ಯರೂ ಕೆಲವೇ ಅಳತೆಗಳಲ್ಲಿ ಹೊಂದಬೇಕು. ದರ್ಜಿಗಳಿಗೆ ಮೊದಲೇ ಒಂದು ವಿಷಯ ಗೊತ್ತಿತ್ತು: ಎದೆಯ ಸುತ್ತಳತೆ ಸಿಕ್ಕರೆ ಬೆನ್ನಿನ ಅಗಲ, ತೋಳು ಕೂರುವ ಸುತ್ತಿನ ಅಳತೆ ಇತ್ಯಾದಿಗಳನ್ನು ಒಂದು ಅಂದಾಜಿಗೆ ಲೆಕ್ಕ ಹಾಕಬಹುದು. ಸೂಟುಗಳಲ್ಲಿ ಎದೆಗೂ ಸೊಂಟಕ್ಕೂ ಆರು ಇಂಚು ವ್ಯತ್ಯಾಸ ಅಂತ ಹಿಡಿಯುವ ಲೆಕ್ಕ ಇವತ್ತಿಗೂ ಇದೆ. ನಮಗೆ ಈ ಲೆಕ್ಕ ಬರೀ ಶುರು. ಆಮೇಲೆ ಗಿರಾಕಿಯನ್ನು ಎದುರಿಗೆ ನಿಲ್ಲಿಸಿ, ಒಂದು ಹೆಗಲು ಇಳಿದಿದೆಯಾ, ಬೆನ್ನು ಬಾಗಿದೆಯಾ ಅಂತ ನೋಡಿ ತಿದ್ದುತ್ತೇವೆ. ಸಿದ್ಧ ಉಡುಪಿನವರಿಗೆ ಆ ಲೆಕ್ಕವೇ ಕೊನೆ. ಗಿರಾಕಿ ಎದುರಿಗೆ ಇರುವುದೇ ಇಲ್ಲ. ಅದಕ್ಕೇ ಮೊದಲು ರೆಡಿಮೇಡ್ ಆದದ್ದು ಷರ್ಟು, ದೊಗಳೆ ಕೋಟು, ಹೆಂಗಸರ ಮೇಲುಹೊದಿಕೆ ಇಂಥವು. ಮೈಗೆ ಅಂಟಿದಂತೆ ಕೂರಬೇಕಾದ ಹೆಂಗಸರ ಉಡುಗೆ ಎಷ್ಟೋ ಕಾಲ ದರ್ಜಿಯ ಕೈಯಲ್ಲೇ ಉಳಿಯಿತು.

ಇದರಿಂದ ಬಡವರಿಗೆ ಒಳ್ಳೆಯದಾಯಿತು. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಬೇರೆಯವರು ಉಟ್ಟು ಬಿಟ್ಟ ಹಳೆ ಬಟ್ಟೆ ಕೊಳ್ಳುತ್ತಿದ್ದವನು ಹೊಸ ಷರ್ಟು ಕೊಳ್ಳುವಂತಾದ. ಯಾವ ದರ್ಜಿಗೂ ಇದು ಬೇಡ ಅನ್ನುವ ಹಕ್ಕಿಲ್ಲ. ನನ್ನ ದೂರು ಮಷೀನಿನ ಮೇಲಲ್ಲ. ಅದು ನನ್ನ ಅನ್ನ.

ನನ್ನ ದೂರು ಏನೆಂದರೆ, ಆ ಮಷೀನಿಗೆ ದುಡ್ಡು ಕೊಟ್ಟವರು ಯಾರು ಅನ್ನುವುದನ್ನು ನೀವು ಹೇಳುತ್ತಿಲ್ಲ. ಹೋವ್ ತನ್ನ ಮಷೀನಿಗೆ ಹೇಳಿದ ಬೆಲೆ 300 ಡಾಲರ್. ಯಾವ ಬಡ ದರ್ಜಿಯೂ ಅದನ್ನು ಕೊಳ್ಳುವ ಹಾಗಿರಲಿಲ್ಲ. 1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ ಮಷೀನೂ ಅಗ್ಗವೇನಲ್ಲ. ಆಗ ಸಿಂಗರನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಕಂತಿನ ವ್ಯವಸ್ಥೆ ತಂದ. ಮೊದಲು ಸ್ವಲ್ಪ ದುಡ್ಡು, ಆಮೇಲೆ ತಿಂಗಳು ತಿಂಗಳು. ಪೂರ್ತಿ ತೀರುವವರೆಗೆ ಮಷೀನು ಕಂಪನಿಯದೇ. ಕಂತು ತಪ್ಪಿದರೆ ಬಂದು ಹೊತ್ತುಕೊಂಡು ಹೋಗಬಹುದು. ಮಷೀನು ಮನೆಗೆ ಬಂತು, ಅದರ ಜೊತೆ ಸಾಲವೂ ಬಂತು. ರೇಟು ಎಷ್ಟೇ ಇಳಿದರೂ ಕೆಲಸ ಬೇಡ ಅನ್ನುವ ಹಾಗಿಲ್ಲ. ಯಾಕೆಂದರೆ ತಿಂಗಳ ಕೊನೆಗೆ ಕಂತಿನವನು ಬಾಗಿಲಿಗೆ ಬರುತ್ತಾನೆ. ಇದೇ ವರ್ಷ ದೊಡ್ಡ ಮಷೀನು ಕಂಪನಿಗಳೆಲ್ಲ ತಮ್ಮ ತಮ್ಮ ಪೇಟೆಂಟುಗಳನ್ನು ಒಂದೆಡೆ ಸೇರಿಸಿ ಒಪ್ಪಂದ ಮಾಡಿಕೊಂಡವು. 1877ರವರೆಗೆ ಅದು ನಡೆಯಿತು. ಅಲ್ಲಿವರೆಗೆ ಬೇರೆ ಯಾರೇ ಮಷೀನು ಮಾಡಿದರೂ ಅವರಿಗೆ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಅದೂ ಕೊನೆಗೆ ಮಷೀನಿನ ಬೆಲೆಗೇ ಸೇರಿತು ತಾನೆ?

ನ್ಯೂಯಾರ್ಕಿನಲ್ಲಿ ಕೋಟು ಹೊಲಿಯುವ ಸಣ್ಣ ಅಂಗಡಿಗಳಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ 'ಟಾಸ್ಕ್' ಅನ್ನುವ ಪದ್ಧತಿ ಇತ್ತು. ಮಷೀನಿನವನು, ಕಚ್ಚಾ ಹಾಕುವವನು, ಕೈಹೊಲಿಗೆಯವನು ಸೇರಿ ಒಂದು ತಂಡ. ಇಷ್ಟು ಕೋಟು ಮುಗಿಸಿದರೆ ಅದು ಒಂದು ದಿನದ ಕೆಲಸ ಅಂತ ಲೆಕ್ಕ. ಕೂಲಿ ದಿನದ ಲೆಕ್ಕದಲ್ಲಿ. ಕೇಳಲು ಸರಿಯಾಗೇ ಇದೆ ಅಲ್ವಾ? ಆದರೆ ಗುತ್ತಿಗೆದಾರರ ನಡುವೆ ಪೈಪೋಟಿ ಬಿದ್ದಾಗ ದಿನಗೂಲಿಯನ್ನು ಕಡಿಮೆ ಮಾಡಲಿಲ್ಲ, ಒಂದು 'ದಿನ'ಕ್ಕೆ ಮಾಡಬೇಕಾದ ಕೋಟುಗಳನ್ನು ಜಾಸ್ತಿ ಮಾಡುತ್ತಾ ಹೋದರು. ಬೆಳಗಿನ ಜಾವದಿಂದ ರಾತ್ರಿವರೆಗೆ ಕೂತರೂ ಒಂದು 'ದಿನ' ಮುಗಿಯುತ್ತಿರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ದುಡಿದವನ ಕೈಗೆ ಬರುತ್ತಿದ್ದದ್ದು ನಾಲ್ಕೋ ಐದೋ ದಿನದ ಕೂಲಿ. ಮಷೀನಿನವನು ನಿಧಾನ ಮಾಡಿದರೆ ಉಳಿದವರಿಗೂ ನಷ್ಟ. ಹಾಗಾಗಿ ಮೇಸ್ತ್ರಿ ಬೈಯಬೇಕಾಗಿಯೇ ಇರಲಿಲ್ಲ, ಅವರವರೇ ಒಬ್ಬರನ್ನೊಬ್ಬರು ಓಡಿಸುತ್ತಿದ್ದರು. ಆ 14 ಗಂಟೆಯಿಂದ ಉಳಿದ ಸಮಯ ಎಲ್ಲಿಗೆ ಹೋಯಿತು ಅಂತ ಯಾರಾದರೂ ಕೇಳಿದರೆ ನಾನು ಈ ತಂಡವನ್ನು ತೋರಿಸುತ್ತೇನೆ.

ಇನ್ನೊಂದು ಮಾತು ನನ್ನ ಸ್ವಂತ ಅನುಭವದ್ದು. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಒಂದು ಹೊಲಿಗೆ ಶೆಡ್ಡಿನಲ್ಲಿ ಪೀಸ್ ರೇಟಿಗೆ ಕೆಲಸ ಮಾಡುತ್ತಿದ್ದೆ. ಅಲ್ಲಿ ಸೂಜಿ ಮುರಿದರೆ ನಮ್ಮ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಸೂಜಿ ಯಾಕೆ ಮುರಿಯುತ್ತದೆ ಅಂತ ಹೊಲಿಯುವವರಿಗೆ ಗೊತ್ತು. ಜೀನ್ಸಿನಂಥ ದಪ್ಪ ಬಟ್ಟೆಯಲ್ಲಿ ನಾಲ್ಕಾರು ಪದರ ಒಂದೆಡೆ ಸೇರುವ ಜಾಗ ಬಂದಾಗ ಚಕ್ರವನ್ನು ಕೈಯಲ್ಲಿ ತಿರುಗಿಸಿ ನಿಧಾನ ದಾಟಿಸಬೇಕು. ನಿಧಾನ ಮಾಡಿದರೆ ಪೀಸು ಕಡಿಮೆಯಾಗುತ್ತದೆ. ಓಡಿಸಿದರೆ ಸೂಜಿ ಬಾಗಿ ಕೆಳಗಿನ ತಗಡಿಗೆ ಬಡಿದು ಟಕ್ ಅಂತ ಮುರಿಯುತ್ತದೆ. ಎರಡೂ ಕಡೆ ನಷ್ಟ ನಮ್ಮದೇ. ಒಂದು ಸಲ ಮುರಿದ ಮೊನೆ ನನ್ನ ಬಲಗಣ್ಣಿನ ಕೆಳಗೆ ಚುಚ್ಚಿತು. ಗುರುತು ಇನ್ನೂ ಇದೆ. ಆ ದಿನವೂ ಸೂಜಿಯ ದುಡ್ಡು ಹಿಡಿದುಕೊಂಡರು.

ಎಷ್ಟೋ ವರ್ಷದ ಮೇಲೆ 1909ರ ನ್ಯೂಯಾರ್ಕ್ ಮುಷ್ಕರದ ಬಗ್ಗೆ ಓದಿದಾಗ ನನಗೆ ಮೈ ಜುಂ ಅಂದಿತು. ಆ ವರ್ಷ ನವೆಂಬರ್ 22ರ ರಾತ್ರಿ ಸಭೆ ಸೇರಿ, ಮರುದಿನದಿಂದ ಷರ್ಟ್‌ವೇಸ್ಟ್ ಅಂದರೆ ಹೆಂಗಸರ ರವಿಕೆಯಂಥ ಅಂಗಿ ಹೊಲಿಯುವವರು ಸುಮಾರು 20,000 ಜನ ಕೆಲಸ ಬಿಟ್ಟು ಹೊರಗೆ ಬಂದರು. ಹೆಚ್ಚಿನವರು ಹದಿಹರೆಯ ದಾಟುತ್ತಿದ್ದ ಹುಡುಗಿಯರು. ಅವರು ಕೇಳಿದ್ದರಲ್ಲಿ ಒಂದು: ಸೂಜಿ, ದಾರ, ಕರೆಂಟಿನ ಖರ್ಚನ್ನು ನಮ್ಮ ಕೂಲಿಯಿಂದ ಹಿಡಿಯಬೇಡಿ. ಇನ್ನೊಂದು, ವಾರಕ್ಕೆ 52 ಗಂಟೆಗಿಂತ ಜಾಸ್ತಿ ಕೆಲಸ ಬೇಡ. ಚಳಿಗಾಲವಿಡೀ ಬೀದಿಯಲ್ಲಿ ನಿಂತರು, ಪೊಲೀಸರಿಂದ ಪೆಟ್ಟು ತಿಂದರು. 1910ರ ಫೆಬ್ರವರಿ ಹೊತ್ತಿಗೆ ಬಹಳಷ್ಟು ಮಾಲೀಕರು ಇವನ್ನು ಒಪ್ಪಿದರು. ಮಷೀನು ಬಂದು ಅರ್ಧ ಶತಮಾನದ ಮೇಲೆ, ಕಟ್ಟುನಿಟ್ಟಾಗಿ ಕೇಳಿ, ಜಗಳವಾಡಿ ಪಡೆದದ್ದು ಇದು. ದುಡಿಮೆ ಸ್ವಲ್ಪವಾದರೂ ಹಗುರವಾದದ್ದು ಆ ಹುಡುಗಿಯರಿಂದ. ನಿಮ್ಮ ಫಲಕ ಆ ಹೆಸರನ್ನು ಮಷೀನಿಗೆ ಕೊಟ್ಟುಬಿಟ್ಟಿದೆ.

ಇನ್ನು ಪ್ಯಾರಿಸ್ಸಿನ ದರ್ಜಿಗಳ ಬಗ್ಗೆ. ಬಾರ್ತೆಲೆಮಿ ತಿಮೊನ್ನಿಯೆ ಸ್ವತಃ ದರ್ಜಿ. 1830ರಲ್ಲಿ ಪೇಟೆಂಟ್ ಪಡೆದು, ಪ್ಯಾರಿಸ್ಸಿನ ಒಂದು ಕಾರ್ಖಾನೆಯಲ್ಲಿ ಸುಮಾರು 80 ಮರದ ಮಷೀನುಗಳನ್ನು ಇಟ್ಟು ಸೈನ್ಯಕ್ಕೆ ಸಮವಸ್ತ್ರ ಹೊಲಿಸುತ್ತಿದ್ದ. ಅದು ಒಂದೇ ದಾರದ ಸರಪಳಿ ಹೊಲಿಗೆ. ತುದಿ ಸಿಕ್ಕಿ ಎಳೆದರೆ ಸರಸರ ಬಿಚ್ಚಿಕೊಳ್ಳುತ್ತದೆ. ಅಕ್ಕಿ ಮೂಟೆಯ ಬಾಯಿ ಬಿಚ್ಚುವಾಗ ನೀವೂ ನೋಡಿರುತ್ತೀರಿ. 1831ರ ಜನವರಿಯಲ್ಲಿ ದರ್ಜಿಗಳ ಗುಂಪು ನುಗ್ಗಿ ಆ ಮಷೀನುಗಳನ್ನು ಒಡೆಯಿತು. ಒಡೆದದ್ದು ಸರಿ ಅಂತ ನಾನು ಹೇಳುವುದಿಲ್ಲ. ತಿಮೊನ್ನಿಯೆ ಬಡವನಾಗಿಯೇ 1857ರಲ್ಲಿ ಸತ್ತ, ಅವನ ನೋವೂ ಸಣ್ಣದಲ್ಲ. ಆದರೆ ಅವರನ್ನು ಅಜ್ಞಾನಿಗಳು ಅನ್ನುವುದು ಅನ್ಯಾಯ. ಸಮವಸ್ತ್ರದ ಕೆಲಸ ಅವರಿಗೆ ಗಿರಾಕಿ ಇಲ್ಲದ ದಿನಗಳ ಹೊಟ್ಟೆಪಾಡು. ಅದು 80 ಮಷೀನಿನ ಒಂದೇ ಕಾರ್ಖಾನೆಗೆ ಹೋದರೆ ತಮ್ಮ ಕೂಲಿ ಏನಾಗುತ್ತದೆ ಅಂತ ಅವರು ಲೆಕ್ಕ ಹಾಕಿದ್ದರು. ಮುಂದಿನ ಐವತ್ತು ವರ್ಷದಲ್ಲಿ ಆದದ್ದನ್ನು ನೋಡಿದರೆ ಅವರ ಲೆಕ್ಕ ತಪ್ಪಿರಲಿಲ್ಲ.

ಇವತ್ತು ನಮ್ಮಂಥ ಊರಿನ, ಪೇಟೆಯ ಟೈಲರ್‌ಗಳ ಮುಂದೆ ಬಂದು ಬೀಳುವುದು ಹೆಚ್ಚಾಗಿ ಆಲ್ಟರೇಷನ್. ರೆಡಿಮೇಡ್ ಪ್ಯಾಂಟ್ ತಂದು ಸೊಂಟ ಬಿಡಿಸಿಕೊಡಿ ಅನ್ನುತ್ತಾರೆ. ನಾನು ಹಿಂಬದಿಯ ಜೋಡಣೆ ಬಿಚ್ಚಿ ನೋಡುತ್ತೇನೆ. ನಾನೇ ಹೊಲಿದ ಪ್ಯಾಂಟಾದರೆ ಅಲ್ಲಿ ಒಂದೊಂದು ಬದಿಗೆ ಒಂದು ಇಂಚಿಗಿಂತ ಜಾಸ್ತಿ ಬಟ್ಟೆ ಬಿಟ್ಟಿರುತ್ತೇನೆ. ಮನುಷ್ಯ ದಪ್ಪ ಆಗುತ್ತಾನೆ, ಬಟ್ಟೆ ಅವನ ಜೊತೆ ಇನ್ನೂ ನಾಲ್ಕು ವರ್ಷ ಬಾಳಬೇಕು ಅಂತ. ರೆಡಿಮೇಡಿನಲ್ಲಿ ಎಷ್ಟೋ ಸಲ ಒಂದು ಸೆಂಟಿಮೀಟರ್ ಇರುತ್ತದೆ, ಅದರ ಅಂಚಿಗೆ ಓವರ್‌ಲಾಕ್. ಬಿಡಿಸಲು ಏನೂ ಇಲ್ಲ. ನೂರಾರು ಪದರ ಹಾಸಿ ಕತ್ತರಿಸುವಾಗ ಒಂದೊಂದು ತುಂಡಿನಲ್ಲಿ ಅರ್ಧ ಇಂಚು ಉಳಿಸಿದರೆ ಕೊನೆಗೆ ಎಷ್ಟೋ ಮೀಟರ್ ಉಳಿಯುತ್ತದೆ. ಆ ಉಳಿತಾಯಕ್ಕೆ ಕೊನೆಗೆ ಬೆಲೆ ಕೊಡುವವನು ಆ ಪ್ಯಾಂಟು ಹಾಕುವವನು. "ಆಗಲ್ಲ ಸಾರ್, ಒಳಗೆ ಬಟ್ಟೆ ಇಲ್ಲ" ಅಂತ ಹೇಳುವ ಕೆಲಸ ನನ್ನದು.

ಈಗ ನನ್ನ ಕೋರಿಕೆ. ಮೊದಲನೆಯದಾಗಿ, ಷರ್ಟಿನ ಆ ಅಂಕಿಯನ್ನು ತೆಗೆಯಬೇಡಿ, ಇರಲಿ. ಅದು ಮಷೀನು ಕಂಪನಿಯ ಪಟ್ಟಿ ಅಂತ ಬರೆಯಿರಿ. ಅದರ ಕೆಳಗೆ ಪೀಸ್ ರೇಟಿನ ಮಾತನ್ನೂ, ಕೈಯಲ್ಲೇ ಉಳಿದ ಕೆಲಸಗಳನ್ನೂ ಎರಡು ಸಾಲಿನಲ್ಲಿ ಸೇರಿಸಿ. ಸಾಧ್ಯವಾದರೆ ಕೈಯಲ್ಲಿ ಹಾಕಿದ ಒಂದು ಕಾಜಾವನ್ನು ಭೂತಗನ್ನಡಿಯ ಕೆಳಗೆ ಇಡಿ. ಅದನ್ನು ನೋಡಿದ ಯಾರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ.

ಮಷೀನಿನ ಪಕ್ಕ ಒಂದು ಹಳೆಯ ಕಂತಿನ ಕಾಗದವನ್ನೂ ಇಡಿ. ಅಂಥವು ನಿಮ್ಮ ಕಪಾಟುಗಳಲ್ಲಿ ಇದ್ದೇ ಇರುತ್ತವೆ ಅನ್ನುವ ನಂಬಿಕೆ ನನಗಿದೆ. ಮಷೀನನ್ನು ಕೊಟ್ಟ ಮನೆಯವರು ಅದರ ಡ್ರಾಯರಿನಲ್ಲೇ ಅವನ್ನು ಇಟ್ಟಿರುತ್ತಾರೆ. ಪಟ್ಟಿ ಚಾಕುವಿನ ಒಂದು ಚಿತ್ರವಾದರೂ ಇರಲಿ. ಅದಿಲ್ಲದೆ ರೆಡಿಮೇಡ್ ಬಟ್ಟೆ ಹೇಗೆ ಬಂತು ಅನ್ನುವುದು ಮಕ್ಕಳಿಗೆ ಅರ್ಥವಾಗುವುದಿಲ್ಲ.

ಪ್ಯಾರಿಸ್ಸಿನ ಸಾಲಿನಿಂದ 'ಅಜ್ಞಾನದಿಂದ' ಅನ್ನುವ ಒಂದು ಪದವನ್ನು ದಯವಿಟ್ಟು ತೆಗೆಯಿರಿ. ಆ ಜಾಗದಲ್ಲಿ 'ಕೂಲಿ ಹೋಗುವ ಭಯದಿಂದ' ಅಂತ ಹಾಕಿದರೆ ಸಾಕು. ಮತ್ತು 'ಬಿಡುಗಡೆ ಮಾಡಿತು' ಅನ್ನುವಲ್ಲಿ 1909ರ ಮುಷ್ಕರದ ಹುಡುಗಿಯರ ಸುದ್ದಿ ಬರಲಿ.

ಕೊನೆಯದಾಗಿ, ಮಕ್ಕಳು ಮುಟ್ಟಿ ನೋಡಲು ಒಂದು ಜಾಗ ಮಾಡಿಕೊಡಿ. ಕೆಂಪು ಮತ್ತು ಬಿಳಿ ದಾರದಲ್ಲಿ ಹೊಲಿದ ಒಂದು ಬಟ್ಟೆ ತುಂಡು, ಎಳೆದರೆ ಬಿಚ್ಚಿಕೊಳ್ಳುವ ಸರಪಳಿ ಹೊಲಿಗೆಯ ಇನ್ನೊಂದು ತುಂಡು, ಹಿಂಬದಿಯ ಜೋಡಣೆ ಬಿಚ್ಚಿಟ್ಟ ಎರಡು ಪ್ಯಾಂಟು, ಒಳಗೆ ಬಟ್ಟೆ ಬಿಟ್ಟದ್ದೊಂದು, ಬಿಡದ್ದೊಂದು. ಗಾಜಿನ ಹಿಂದೆ ನಿಂತ ಮಷೀನಿಗಿಂತ ಇವು ಜಾಸ್ತಿ ಹೇಳುತ್ತವೆ. ಇವನ್ನೆಲ್ಲ ನಾನೇ ಹೊಲಿದುಕೊಡುತ್ತೇನೆ. ದುಡ್ಡು ಬೇಡ. ಸವೆದಾಗ ಹೇಳಿಕಳಿಸಿ, ಮತ್ತೆ ಹೊಲಿದು ತರುತ್ತೇನೆ. ಸೋಮವಾರ ನನ್ನ ಅಂಗಡಿಗೆ ರಜೆ. ಫಲಕ ಬದಲಾದ ದಿನ ತಿಳಿಸಿದರೆ ಮಗಳನ್ನು ಕರೆದುಕೊಂಡು ಬರುತ್ತೇನೆ. ಈ ಸಲವೂ ಅವಳೇ ಓದಲಿ.

ಗೌರವದಿಂದ,
ಒಬ್ಬ ಟೈಲರ್